ಲಿಫ್ಟಿನೊಳಗೆ ಸಿಗ್ನಲ್ ಎಲ್ಲಿಂದ ಬರುತ್ತದೆ? ಅಳೆದು ನೋಡಿದ ನನ್ನ ಅನುಭವ

ನಮ್ಮ ಅಪಾರ್ಟ್‌ಮೆಂಟ್‌ನ ಲಿಫ್ಟಿನಲ್ಲಿ ಕಳೆದ ವರ್ಷ ಪಕ್ಕದ ಮನೆಯ ಅಜ್ಜಿ ಇಪ್ಪತ್ತು ನಿಮಿಷ ಸಿಕ್ಕಿಹಾಕಿಕೊಂಡರು. ಕೈಯಲ್ಲಿ ಮೊಬೈಲ್ ಇತ್ತು, ಮಗನಿಗೆ ಕರೆ ಹೋಗಲಿಲ್ಲ. ಮರುದಿನ ಎಲ್ಲರೂ ಹೇಳಿದ್ದು ಒಂದೇ ಮಾತು: "ಸ್ಟೀಲ್ ಗೋಡೆ ದಪ್ಪ ಇದೆ, ಅದಕ್ಕೇ ಸಿಗ್ನಲ್ ಬರಲ್ಲ." ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಆ ಮಾತು ಪೂರ್ತಿ ಸರಿಯಲ್ಲ ಅನ್ನಿಸಿತು. ಅಳೆದೇ ನೋಡೋಣ ಎಂದು ಹೊರಟೆ.

ಮೊದಲು ಕಡ್ಡಿಗಳನ್ನು ನಂಬುವುದು ಬಿಟ್ಟೆ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎನ್ನುವುದು ಒಂದೊಂದು ಫೋನಿನಲ್ಲಿ ಒಂದೊಂದು ಥರ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ `*#*#4636#*#*` ಒತ್ತಿದರೆ ಒಂದು ಪರೀಕ್ಷಾ ಪರದೆ ತೆರೆಯುತ್ತದೆ. ಅಲ್ಲಿ `RSRP` ಎಂದು ಕಾಣುವ ಅಂಕಿ, ಅಂದರೆ ಟವರಿನಿಂದ ಫೋನಿಗೆ ತಲುಪಿದ ಸಿಗ್ನಲ್‌ನ ಶಕ್ತಿ, ನನಗೆ ಬೇಕಾಗಿದ್ದದ್ದು. ಅದು ಡಿಬಿಎಂನಲ್ಲಿ ಇರುತ್ತದೆ, ಯಾವಾಗಲೂ ಮೈನಸ್. ಹತ್ತು ಕಡಿಮೆಯಾದರೆ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯಿತು ಎಂದರ್ಥ.

ಎರಡನೇ ಮಹಡಿಯಲ್ಲಿ ಲಿಫ್ಟಿನ ಎದುರು ನಿಂತಾಗ −82. ಒಳಗೆ ಹೋಗಿ ಬಾಗಿಲು ತೆರೆದೇ ಇಟ್ಟಾಗ −88. ಬಾಗಿಲು ಮುಚ್ಚಿದ ಮೇಲೆ −116. ಒಂದೇ ಜಾಗದ ಅಳತೆ ಸಾಕಾಗುವುದಿಲ್ಲ ಎಂದು ಬೇಗ ಗೊತ್ತಾಯಿತು. ಒಳಗಿನ ಗೋಡೆಗಳಿಗೆ ಅಲೆ ಬಡಿದು ವಾಪಸ್ ಬರುವುದರಿಂದ, ಫೋನನ್ನು ಒಂದು ಗೇಣು ಸರಿಸಿದರೂ ಅಂಕಿ ಹತ್ತರಷ್ಟು ಏರಿಳಿಯುತ್ತಿತ್ತು. ಹಾಗಾಗಿ ಪ್ರತಿ ಸಲ ಇಪ್ಪತ್ತು ಕಡೆ ಅಳೆದು ಸರಾಸರಿ ತೆಗೆದೆ. ಮೇಲಿನ ಅಂಕಿಗಳು ಆ ಸರಾಸರಿಗಳು. ಫೋನ್ ನಡುವೆ ಬೇರೆ ಬ್ಯಾಂಡಿಗೆ ಹಾರಿದರೆ ಆ ಅಳತೆ ಬಿಟ್ಟುಬಿಡುತ್ತಿದ್ದೆ. ಉಳಿಸಿಕೊಂಡದ್ದೆಲ್ಲ 1800 ಮೆಗಾಹರ್ಟ್ಸ್‌ನದು.

ಅಂದರೆ ಬಾಗಿಲು ಮುಚ್ಚಿದ್ದಕ್ಕೆ 28 ಡೆಸಿಬೆಲ್ ನಷ್ಟ. ಸುಮಾರು 600ರಲ್ಲಿ ಒಂದು ಪಾಲು ಉಳಿಯಿತು. ಈಗ ಇದನ್ನು ಗೋಡೆಯ ಲೆಕ್ಕದ ಜೊತೆ ಹೋಲಿಸಬೇಕು.

ರೇಡಿಯೋ ಅಲೆ ಲೋಹಕ್ಕೆ ಬಡಿದಾಗ ಅಲ್ಲಿನ ಎಲೆಕ್ಟ್ರಾನ್‌ಗಳು ಅಲೆಯ ತಾಳಕ್ಕೆ ಓಡಾಡುತ್ತವೆ. ಆ ಓಡಾಟವೇ ಇನ್ನೊಂದು ಅಲೆಯನ್ನು ಹುಟ್ಟಿಸುತ್ತದೆ. ಅದು ಹೊರಗಡೆ ವಾಪಸ್ ಹೋಗುತ್ತದೆ, ಒಳಗಡೆ ಮೂಲ ಅಲೆಯನ್ನು ಅಳಿಸುತ್ತದೆ. ಬಹುಪಾಲು ಶಕ್ತಿ ಹೀಗೆ ಮೇಲ್ಮೈಯಲ್ಲೇ ಹಿಂದಿರುಗುತ್ತದೆ. ಸ್ವಲ್ಪ ಮಾತ್ರ ಲೋಹದೊಳಗೆ ಇಳಿದು, ಇಳಿಯುತ್ತಾ ಸೊರಗುತ್ತದೆ. ಅಲೆಯ ಬಲ 37 ಶೇಕಡಾಕ್ಕೆ ಇಳಿಯುವ ಆಳವನ್ನೇ ಸ್ಕಿನ್ ಡೆಪ್ತ್ ಎನ್ನುತ್ತೇವೆ.

```
δ = √( ρ / (π f μ) )
```

ρ ಎಂದರೆ ಲೋಹದ ರೋಧಕತೆ, f ಎಂದರೆ ಅಲೆಯ ಆವರ್ತನ, μ ಅದರ ಕಾಂತೀಯ ಗುಣ. ನಮ್ಮ ಲಿಫ್ಟಿನ ಗೋಡೆಗೆ ಅಯಸ್ಕಾಂತ ಅಂಟಲಿಲ್ಲ, ಅಂದರೆ 304 ಥರದ ಸ್ಟೇನ್‌ಲೆಸ್ ಸ್ಟೀಲ್. ಅದರ ರೋಧಕತೆ ಸುಮಾರು 7.2 × 10⁻⁷ ಓಮ್ ಮೀಟರ್. 1800 ಮೆಗಾಹರ್ಟ್ಸ್ ಹಾಕಿದರೆ ಉತ್ತರ 10 ಮೈಕ್ರಾನ್. ನಾವು ಬರೆಯುವ ಕಾಗದದ ಹಾಳೆ ಸುಮಾರು 100 ಮೈಕ್ರಾನ್ ದಪ್ಪ. ಅಷ್ಟೇ ದಪ್ಪದ ಸ್ಟೀಲ್ ಸಾಕು, ಒಳಗೆ ಇಳಿದ ಶಕ್ತಿಯಲ್ಲಿ 50 ಕೋಟಿಗೆ ಒಂದು ಪಾಲು ಮಾತ್ರ ಆಚೆ ಬದಿ ತಲುಪುತ್ತದೆ. ನಮ್ಮ ಗೋಡೆ 1.2 ಮಿಲಿಮೀಟರ್, ಅಂದರೆ 120 ಸ್ಕಿನ್ ಡೆಪ್ತ್. ಒಂದೊಂದಕ್ಕೆ 8.7 ಡೆಸಿಬೆಲ್ ಎಂದು ಹಿಡಿದರೆ ಒಟ್ಟು ನಷ್ಟ ಸಾವಿರ ಡೆಸಿಬೆಲ್ ದಾಟುತ್ತದೆ.

ಸಾವಿರ ಎಲ್ಲಿ, ನಾನು ಅಳೆದ 28 ಎಲ್ಲಿ! ಗೋಡೆಯ ಮೂಲಕ ಏನೂ ಬರುತ್ತಿಲ್ಲ. ಒಳಗೆ ಸಿಕ್ಕ ಆ ಚೂರು ಸಿಗ್ನಲ್ ಪೂರ್ತಿ ಸಂದುಗಳಿಂದ ಬಂದದ್ದು. ಗೋಡೆಯನ್ನು ಎರಡು ಪಟ್ಟು ದಪ್ಪ ಮಾಡಿದರೂ, ಅರ್ಧಕ್ಕೆ ಇಳಿಸಿದರೂ ಅಜ್ಜಿಯ ಫೋನಿಗೆ ವ್ಯತ್ಯಾಸ ಆಗುತ್ತಿರಲಿಲ್ಲ.

ಇದನ್ನು ಮೊದಲು ಅಡುಗೆಮನೆಯಲ್ಲಿ ಪರೀಕ್ಷಿಸಿದೆ. ಫೋನನ್ನು 11 ಮೈಕ್ರಾನ್‌ನ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಅಂಚುಗಳನ್ನು ಎರಡೆರಡು ಸಲ ಮಡಿಚಿ ಸುತ್ತಿದೆ. ಕರೆ ಬರಲಿಲ್ಲ. ಅದೇ ಫೋನನ್ನು ನಾಲ್ಕು ಮಿಲಿಮೀಟರ್ ದಪ್ಪದ ಪ್ರೆಶರ್ ಕುಕ್ಕರಿನಲ್ಲಿಟ್ಟು ಮುಚ್ಚಳ ಹಾಕಿದೆ. ರಿಂಗ್ ಆಯಿತು! ಮುಚ್ಚಳಕ್ಕೂ ಪಾತ್ರೆಗೂ ನಡುವೆ ರಬ್ಬರ್ ಗ್ಯಾಸ್ಕೆಟ್ ಇದೆಯಲ್ವಾ? ನಮ್ಮ ಕಣ್ಣಿಗೆ ಕುಕ್ಕರ್ ಮುಚ್ಚಿದೆ. ಅಲೆಗೆ ಮಾತ್ರ ಅಲ್ಲಿ ಅರ್ಧ ಮೀಟರಿಗಿಂತ ಉದ್ದದ ಒಂದು ಬಾಗಿಲೇ ತೆರೆದಿದೆ.

ಉದ್ದ ಎನ್ನುವುದೇ ಇಲ್ಲಿ ಮುಖ್ಯ. ಲೋಹದ ಹೊರಮೈಯಲ್ಲಿ ಹರಿಯುವ ವಿದ್ಯುತ್ ಒಂದು ಸಂದಿಗೆ ಅಡ್ಡವಾಗಿ ಬಂದರೆ ದಾಟಲಾಗದೆ ನಿಲ್ಲುತ್ತದೆ. ಸಂದಿನ ಎರಡು ಅಂಚುಗಳಲ್ಲಿ ವಿರುದ್ಧ ಚಾರ್ಜ್ ಸೇರುತ್ತದೆ, ನಡುವೆ ವಿದ್ಯುತ್ ಕ್ಷೇತ್ರ ಏಳುತ್ತದೆ. ಆಗ ಆ ಸಂದೇ ಒಂದು ಆಂಟೆನಾ ಆಗಿ ಒಳಗಡೆಗೆ ಅಲೆ ಹೊರಡಿಸುತ್ತದೆ. ಸಂದಿನ ಉದ್ದ ಅರ್ಧ ತರಂಗಾಂತರದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇದು ಚೆನ್ನಾಗಿ ನಡೆಯುತ್ತದೆ. 1800 ಮೆಗಾಹರ್ಟ್ಸ್‌ಗೆ ಅರ್ಧ ತರಂಗಾಂತರ 8.3 ಸೆಂಟಿಮೀಟರ್. ಲಿಫ್ಟಿನ ಬಾಗಿಲಿನ ನಡುವಿನ ಸಂದು ಅಗಲದಲ್ಲಿ ಎರಡು ಮೂರು ಮಿಲಿಮೀಟರ್ ಇದ್ದರೂ ಉದ್ದ ಎರಡು ಮೀಟರ್. ಅದೇ ಫ್ಯಾನಿನ ಜಾಲರಿಯ ಐದು ಮಿಲಿಮೀಟರ್ ತೂತುಗಳು ಎಷ್ಟು ಇದ್ದರೂ ಹೆಚ್ಚೇನೂ ಬಿಡುವುದಿಲ್ಲ.

ಒಂದು ಭಾನುವಾರ ಲಿಫ್ಟ್ ಮೆಕ್ಯಾನಿಕ್ ಸರ್ವಿಸ್‌ಗೆ ಬಂದಾಗ ಅವರನ್ನು ಕೇಳಿಕೊಂಡೆ. ಅವರು ಲಿಫ್ಟನ್ನು ಮಹಡಿಗೆ ಸಮನಾಗಿ ನಿಲ್ಲಿಸಿ, ಪವರ್ ಆಫ್ ಮಾಡಿ, ಜೊತೆಗೇ ನಿಂತರು. (ಅವರಿಲ್ಲದೆ ಇದನ್ನು ಯಾರೂ ಮಾಡಬಾರದು.) ಒಳಗಿನಿಂದ ಬಾಗಿಲಿನ ಸಂದುಗಳಿಗೆ ಅಲ್ಯೂಮಿನಿಯಂ ಟೇಪ್ ಅಂಟಿಸಿದೆ. ನಡುವಿನ ಸಂದು ಮುಚ್ಚಿದಾಗ −121. ಪಕ್ಕದ್ದು, ಮೇಲಿನದು, ಕೆಳಗಿನ ಹೊಸ್ತಿಲ ಹತ್ತಿರದ್ದು ಮುಚ್ಚುತ್ತಾ ಹೋದಂತೆ −128. ಆಮೇಲೆ ಫೋನ್ ನೆಟ್‌ವರ್ಕ್ ಕಳೆದುಕೊಂಡಿತು. ಫ್ಯಾನಿನ ಜಾಲರಿ ಆಗಲೂ ತೆರೆದೇ ಇತ್ತು.

"ಸರ್, ಹಂಗಾದ್ರೆ ಹಳೇ ಕಟ್ಟಡಗಳಲ್ಲಿ ಕಬ್ಬಿಣದ ಗೇಟಿನ ಲಿಫ್ಟಲ್ಲಿ ಫೋನ್ ಬರ್ತಿದ್ದಿದ್ದು ಇದಕ್ಕೇನಾ?" ಎಂದು ಮೆಕ್ಯಾನಿಕ್ ಕೇಳಿದರು. ಹೌದು, ಅದೇ ಕಾರಣ.

ಸ್ಕಿನ್ ಡೆಪ್ತ್ ಆವರ್ತನದ ಮೇಲೆ ನಿಂತಿದೆ ಎಂಬುದನ್ನು ಬೇರೆ ರೀತಿ ನೋಡಿದೆ. ಸಣ್ಣ ಆಂಪ್ಲಿಫೈಯರಿಗೆ ತಂತಿಯ ಒಂದು ಸುರುಳಿ ಜೋಡಿಸಿ ಟ್ರಾನ್ಸ್‌ಫಾರ್ಮರ್ ಹತ್ತಿರ ಹಿಡಿದರೆ ಗುಂಯ್ ಎನ್ನುತ್ತದೆ. ಆ ಸುರುಳಿಯನ್ನು ಸ್ಟೀಲ್ ಡಬ್ಬಿಯೊಳಗೆ ಹಾಕಿ ಮುಚ್ಚಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ ಇತ್ತು. 50 ಹರ್ಟ್ಸ್‌ನಲ್ಲಿ ಅದೇ ಸ್ಟೀಲಿನ ಸ್ಕಿನ್ ಡೆಪ್ತ್ ಆರು ಸೆಂಟಿಮೀಟರ್. ಅರ್ಧ ಮಿಲಿಮೀಟರಿನ ಡಬ್ಬಿ ಆ ಕಾಂತಕ್ಷೇತ್ರಕ್ಕೆ ತಡೆಯೇ ಅಲ್ಲ.

ಪರಿಹಾರಕ್ಕೆ ಬಂದಾಗ ಕೆಲವರು ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತರಿಸೋಣ ಎಂದರು. ಅನುಮತಿ ಇಲ್ಲದೆ ಅದನ್ನು ಹಾಕುವುದು ನಮ್ಮಲ್ಲಿ ಕಾನೂನಿಗೆ ವಿರುದ್ಧ, ಅಕ್ಕಪಕ್ಕದವರ ನೆಟ್‌ವರ್ಕನ್ನೂ ಕೆಡಿಸುತ್ತದೆ. ನಾವು ವೈಫೈ ಕಾಲಿಂಗ್ ಆರಿಸಿಕೊಂಡೆವು. ಲಿಫ್ಟ್ ಕಂಪನಿಯವರೇ ಕ್ಯಾಬಿನ್‌ಗೆ ಹೋಗುವ ತೂಗುವ ಕೇಬಲ್ ಜೊತೆ ಲ್ಯಾನ್ ವೈರ್ ಎಳೆದು, ಕ್ಯಾಬಿನ್‌ನ ತಲೆಯ ಮೇಲೆ ರೂಟರ್ ಕೂರಿಸಿದರು. ಒಳಗೆ ವೈಫೈ ಕುಂಟುತ್ತಿತ್ತು. ಆ ತಲೆಯೂ ಸ್ಟೀಲೇ ತಾನೆ? ಆಂಟೆನಾ ಇನ್ನೂ ಪೆಟ್ಟಿಗೆಯ ಹೊರಗೇ ಇತ್ತು. ರೂಟರನ್ನು ಇಳಿಸಿ, ಲೈಟ್ ಮುಚ್ಚುವ ಅಕ್ರಿಲಿಕ್ ಹಾಳೆಯ ಮೇಲೆ, ಲೋಹದ ಚಾವಣಿಯ ಕೆಳಗೆ ಇಟ್ಟರು. ವೈಫೈ −70ರಿಂದ −38ಕ್ಕೆ ಏರಿತು. ಕರೆಂಟ್ ಹೋದಾಗಲೂ ನಡೆಯಲಿ ಎಂದು ರೂಟರನ್ನೂ ಇಂಟರ್ನೆಟ್ ಪೆಟ್ಟಿಗೆಯನ್ನೂ ಯುಪಿಎಸ್‌ಗೆ ಸೇರಿಸಿದೆವು. ಅಜ್ಜಿಯ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಬಾಗಿಲು ಮುಚ್ಚಿದ ಲಿಫ್ಟಿನಿಂದ ಅವರ ಕೈಯಲ್ಲೇ ಮಗನಿಗೆ ಕರೆ ಮಾಡಿಸಿದೆ. ಎರಡನೇ ರಿಂಗಿಗೆ ಎತ್ತಿದರು.