ಮಗನ ಇಂಗ್ಲಿಷ್ ಕ್ಷಮಾಪಣೆಯನ್ನು ಅಮ್ಮನ ಕನ್ನಡಕ್ಕೆ ತರುವುದು ಹೇಗೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಿಂದ ಓದಿ ಹೊರಗೆ ಹೋದ ಮಕ್ಕಳಲ್ಲಿ ಹಲವರು ಅಮ್ಮನೊಡನೆ ಕನ್ನಡದಲ್ಲಿ ಜಗಳವಾಡಬಲ್ಲರು, ಆದರೆ ಆ ಜಗಳಕ್ಕೆ ಕ್ಷಮೆ ಕೇಳಿ ನಾಲ್ಕು ಸಾಲು ಬರೆಯಲು ಕುಳಿತರೆ ಅವರ ಕೈಗೆ ಬರುವುದು ಇಂಗ್ಲಿಷ್ ಮಾತ್ರ. ಅಂಥ ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ಚಿಕ್ಕಬಳ್ಳಾಪುರದಲ್ಲಿ ಕುಳಿತು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಬೇರೆಯವರು ಮಾಡಿದ ಅನುವಾದಗಳನ್ನೂ ನೋಡಿದ್ದೇನೆ. ಅವುಗಳಲ್ಲಿ ಪದಗಳೆಲ್ಲ ಸರಿಯಾಗಿರುತ್ತವೆ, ಆದರೆ ಓದಿ ಕೇಳಿದ ತಾಯಿ ‘ಇದನ್ನು ಯಾರು ಬರೆದದ್ದು?’ ಎಂದು ಕೇಳುತ್ತಾಳೆ. ಆ ಪ್ರಶ್ನೆ ಬಂದರೆ ಅನುವಾದ ಸೋತಿತೆಂದೇ ಅರ್ಥ. ಇತ್ತೀಚೆಗೆ ಮಾಡಿಕೊಟ್ಟ ಒಂದು ಪತ್ರವನ್ನು, ಬರೆದವನ ಒಪ್ಪಿಗೆ ಪಡೆದು, ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ.

ಪತ್ರ ಬರೆದ ಹುಡುಗ ಹೊರದೇಶದಲ್ಲಿ ಕೆಲಸದಲ್ಲಿದ್ದಾನೆ. ತಾಯಿ ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಅವರ ಕಣ್ಣಿನ ಪೊರೆಯ ಆಪರೇಷನ್‌ಗೆ ಬರುತ್ತೇನೆಂದು ಹೇಳಿದ್ದ ಮಗ ಬರಲಿಲ್ಲ, ಫೋನಿನಲ್ಲಿ ಕೇಳಿದಾಗ ರೇಗಿದ. ಮೂರು ವಾರಗಳ ನಂತರ ಅವನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ನನಗೆ ಕಳಿಸಿದ.

ಮೊದಲು ಇಡೀ ಪತ್ರವನ್ನು ಎರಡು ಸಲ ಓದಿ, ಪೆನ್ನು ಮುಟ್ಟಬೇಡಿ.

ಆಮೇಲೆ ಬರೆದವನಿಗೆ ಫೋನ್ ಮಾಡಿ ಮೂರು ವಿಷಯ ಕೇಳಬೇಕು. ಮನೆಯಲ್ಲಿ ತಾಯಿಯನ್ನು ‘ನೀನು’ ಎನ್ನುತ್ತಾನೋ ‘ನೀವು’ ಎನ್ನುತ್ತಾನೋ ಎಂಬುದು ಮೊದಲನೆಯದು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಅಮ್ಮ ‘ನೀನು’ ಆಗಿರುತ್ತಾಳೆ. ಅಂಥ ಮನೆಗೆ ‘ನೀವು’ ಎಂದು ಬರೆದರೆ ಗೌರವ ಹೆಚ್ಚುವುದಿಲ್ಲ, ಮಗ ಇನ್ನಷ್ಟು ದೂರ ಹೋದ ಹಾಗೆ ಕೇಳಿಸುತ್ತದೆ. ಮನೆಯ ಮಾತು ನಿಜವಾಗಿಯೂ ಕನ್ನಡವೇ ಎಂಬುದು ಎರಡನೆಯದು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಅನೇಕ ಮನೆಗಳಲ್ಲಿ ಒಳಗಿನ ಮಾತು ತೆಲುಗು. ಅಲ್ಲಿಗೆ ಕನ್ನಡದ ಪತ್ರ ಎಷ್ಟು ಚೆನ್ನಾಗಿದ್ದರೂ ಅದು ಹೊರಗಿನ ಮಾತೇ, ಆ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಮೂರನೆಯ ಪ್ರಶ್ನೆಯೇ ಬಹಳ ಮುಖ್ಯ, ಅದನ್ನೇ ಎಲ್ಲರೂ ಬಿಡುತ್ತಾರೆ. ಆವತ್ತು ಅವನು ತಾಯಿಗೆ ಅಂದ ಮಾತು ಯಾವುದು, ಅದನ್ನು ಹಾಗೆಯೇ ಹೇಳಿಸಿಕೊಳ್ಳಬೇಕು. ಪತ್ರ ಇಂಗ್ಲಿಷಿನಲ್ಲಿದ್ದರೂ ಜಗಳ ನಡೆದದ್ದು ಕನ್ನಡದಲ್ಲಿ. ನಮ್ಮ ಕೈಯಲ್ಲಿರುವ ಇಂಗ್ಲಿಷ್ ಪುಟವೇ ಒಂದು ಅನುವಾದ, ಮೂಲ ಇರುವುದು ತಾಯಿಯ ಕಿವಿಯಲ್ಲಿ. ಹುಡುಗ ಬರೆದಿದ್ದದ್ದು ‘ಐ ಆಫರ್ಡ್ ಯು ಮನಿ ವೆನ್ ಯು ನೀಡೆಡ್ ಮಿ’ ಎಂದು. ಇದನ್ನು ನೇರವಾಗಿ ತಂದರೆ ‘ನಿನಗೆ ನನ್ನ ಅಗತ್ಯವಿದ್ದಾಗ ನಾನು ಹಣವನ್ನು ನೀಡಲು ಮುಂದಾದೆ’ ಎಂದಾಗುತ್ತದೆ, ಪತ್ರಿಕಾ ಹೇಳಿಕೆಯಂತೆ. ಫೋನಿನಲ್ಲಿ ಒತ್ತಾಯಿಸಿ ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಅಂದದ್ದನ್ನು ಹೇಳಿದ: ‘ಎಷ್ಟು ದುಡ್ಡು ಬೇಕು ಹೇಳು, ಕಳಿಸ್ತೀನಿ, ಸುಮ್ನೆ ತಲೆ ತಿನ್ಬೇಡ.’ ತಾಯಿಗೆ ನೆನಪಿರುವುದು ಈ ಮಾತು. ಕ್ಷಮೆ ಕೇಳಬೇಕಾದದ್ದೂ ಈ ಮಾತಿಗೇ. ಇದು ಪತ್ರದಲ್ಲಿ ಬರದಿದ್ದರೆ ಮಗನಿಗೆ ತಾನು ಏನೆಂದೆ ಎಂಬುದೇ ಮರೆತಿದೆ ಎಂದು ಅವರು ತಿಳಿಯುತ್ತಾರೆ.

ಹಾಗೆಯೇ ‘ನೀನೊಬ್ಬಳೇ ಎಲ್ಲವನ್ನೂ ನಿಭಾಯಿಸುತ್ತಿದ್ದೆ’ ಎಂಬರ್ಥದ ಸಾಲು ಇತ್ತು. ಎಲ್ಲವೂ ಎಂದರೇನು ಎಂದು ಕೇಳಿದೆ. ಆ ವಾರ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವು. ಅವನ್ನು ಆಯ್ದು, ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯಾದ ಚಂದ್ರಂಕಿಗೆ ಬಿಟ್ಟು, ಮರುದಿನ ಪಕ್ಕದ ಮನೆಯವರ ಜೊತೆ ತಾಯಿ ಆಸ್ಪತ್ರೆಗೆ ಹೋಗಿದ್ದರು. ಹಣ್ಣಾದ ಹುಳು ಕಾಯುವುದಿಲ್ಲ ಎಂಬುದು ಆ ಮನೆಯಲ್ಲಿ ಬೆಳೆದ ಮಗನಿಗೆ ಗೊತ್ತು, ಅದು ಅವನಿಗೆ ಗೊತ್ತಿದೆ ಎಂಬುದು ತಾಯಿಗೂ ಗೊತ್ತು. ಇಂಗ್ಲಿಷಿನಲ್ಲಿ ಬರೆಯುವಾಗ ಈ ವಿವರ ಕಳಚಿಬಿದ್ದಿತ್ತು. ಒಂದು ಎಚ್ಚರಿಕೆ: ಇಂಥ ವಿವರವನ್ನು ಬರೆದವನಿಂದ ಪಡೆದು ಸೇರಿಸಬಹುದೇ ಹೊರತು ಅನುವಾದಕ ತಾನೇ ಊಹಿಸಿ ಸೇರಿಸಬಾರದು. ಅವನಿಗಿಲ್ಲದ ಪಶ್ಚಾತ್ತಾಪವನ್ನು ನಾವು ಬರೆದರೆ ಅದು ಸುಳ್ಳು.

ಇನ್ನು ಕ್ಷಮೆ ಕೇಳುವ ವಾಕ್ಯ. ಹೆಚ್ಚಿನವರು ಎಡವುವುದು ಇಲ್ಲಿ.

‘ಸಾರಿ’ ಎಂಬುದಕ್ಕೆ ನಿಘಂಟಿನಲ್ಲಿ ಮೊದಲು ಕಂಡ ಪದವನ್ನು ಎತ್ತಿಕೊಳ್ಳಬೇಡಿ. ‘ವಿಷಾದಿಸುತ್ತೇನೆ’ ಎನ್ನುವುದು ನೀರು ನಿಂತಾಗ, ಕರೆಂಟ್ ಹೋದಾಗ ಹೊರಡುವ ಪ್ರಕಟಣೆಯ ಭಾಷೆ. ‘ಕ್ಷಮೆ ಯಾಚಿಸುತ್ತೇನೆ’ ಎನ್ನುವುದು ಮುಖಂಡರ ಹೇಳಿಕೆಯದು. ಮಗ ತಾಯಿಯ ಮುಂದೆ ನಿಂತಿದ್ದರೆ ಬಾಯಿಂದ ಬರುತ್ತಿದ್ದ ಮಾತು ‘ತಪ್ಪಾಯ್ತಮ್ಮ’. ಅದನ್ನೇ ಬರೆಯಿರಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಏಕೆಂದರೆ ‘ತಪ್ಪಾಯ್ತು’ ಎಂಬ ಮಾತಿನಲ್ಲಿ ತಪ್ಪು ತಾನಾಗಿಯೇ ಆಗುತ್ತದೆ, ಮಾಡಿದವನು ಕಾಣಿಸುವುದಿಲ್ಲ. ಹುಡುಗ ಇಂಗ್ಲಿಷಿನಲ್ಲಿ ‘ನಾನು’ ಎಂದು ಎದುರಿಗೆ ನಿಂತು ಒಪ್ಪಿಕೊಂಡಿದ್ದ, ಅದು ಕನ್ನಡದಲ್ಲಿ ಸೋರಿಹೋಗಬಾರದು. ಆದ್ದರಿಂದ ‘ತಪ್ಪಾಯ್ತಮ್ಮ’ ಎಂದ ಕೂಡಲೇ ಮಾಡಿದ್ದನ್ನು ‘ಅಂದೆ’, ‘ರೇಗಿದೆ’ ಎಂಬ ಕ್ರಿಯಾಪದಗಳಲ್ಲಿ ನೇರವಾಗಿ ಹೇಳಬೇಕು.

ಇಲ್ಲಿಯೇ ಇನ್ನೊಂದು ಗುಂಡಿಯಿದೆ. ‘ಐ ಡಿಡಂಟ್ ಕಮ್’ ಎಂಬುದನ್ನು ನಮ್ಮವರು ಅಭ್ಯಾಸಬಲದಿಂದ ‘ಬರಲಾಗಲಿಲ್ಲ’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ಅದು ಮೃದುವಾಗಿ ಕೇಳಿಸುತ್ತದೆ ನಿಜ, ಆದರೆ ಅದು ನೆಪ. ಅವನು ಬರಬಹುದಿತ್ತು, ಬರಲಿಲ್ಲ, ಹಾಗೆಂದೇ ಬರೆದಿದ್ದ. ‘ಬರಲಿಲ್ಲ’ ಎಂದೇ ಇರಲಿ. ಇಂಗ್ಲಿಷಿನ ಪ್ರತಿ ‘ಐ’ಗೂ ಒಂದು ‘ನಾನು’ ಹಾಕುವ ಅಗತ್ಯ ಕನ್ನಡಕ್ಕಿಲ್ಲ, ‘ಅಂದೆ’ ಎಂಬ ರೂಪ ‘ನೀನು’ವಿಗೂ ಹೊಂದುತ್ತದೆಯಾದರೂ, ಅಂದದ್ದು ನಾನೇ ಎಂದು ಸಂದರ್ಭದಿಂದಲೇ ತಿಳಿಯುತ್ತದೆ. ಆದರೆ ‘ಬರಲಿಲ್ಲ’ ಎಂಬುದು ನಾನು, ನೀನು, ಅವನು ಎಲ್ಲರಿಗೂ ಒಂದೇ ರೂಪ. ಹಾಗಾಗಿ ಅನ್ಯತ್ರ ‘ನಾನು’ ತೆಗೆದುಹಾಕಿ, ಇಲ್ಲಿ ಮಾತ್ರ ಉಳಿಸಿಕೊಳ್ಳಿ: ‘ನಾನು ಬರಲಿಲ್ಲ’. ಇಡೀ ಪತ್ರದಲ್ಲಿ ಒಂದೆರಡು ಕಡೆ ಮಾತ್ರ ಬಂದ ‘ನಾನು’ವಿಗೆ ತೂಕ ಬರುತ್ತದೆ.

‘ನಿನಗೆ ನೋವಾಗಿದ್ದರೆ ಕ್ಷಮಿಸು’ ಎಂಬ ಸಿದ್ಧ ವಾಕ್ಯವನ್ನು ಎಂದಿಗೂ ಬಳಸಬೇಡಿ. ನೋವಾಗಿದೆ ಎಂದು ಮಗ ಒಪ್ಪಿ ಬರೆದಿರುವಾಗ ‘ಆಗಿದ್ದರೆ’ ಎನ್ನಲು ನಾವು ಯಾರು? ಇನ್ನು ‘ಬಿಡು’ ಸೇರಿದ ಕ್ರಿಯಾಪದ: ‘ಅಂದುಬಿಟ್ಟೆ’ ಎಂದಾಗ ಬಾಯಿ ಜಾರಿದ ಸಂಕಟ ಕೇಳಿಸುತ್ತದೆ. ಅದನ್ನು ಒಂದೇ ಸಲ ಬಳಸಿ; ಮೂರು ಸಲ ಬಂದರೆ ಎಲ್ಲವೂ ಕೈಮೀರಿ ನಡೆದದ್ದು ಎಂದು ತಪ್ಪಿಸಿಕೊಂಡಂತೆ ಆಗುತ್ತದೆ.

‘ಟುಕ್ ಯು ಫಾರ್ ಗ್ರಾಂಟೆಡ್’ ಎಂಬ ನುಡಿಗಟ್ಟಿಗೆ ಪದ ಹುಡುಕುತ್ತಾ ಕೂರಬೇಡಿ, ಸಿಗುವುದಿಲ್ಲ. ಹಾಗೆ ನಡೆದುಕೊಳ್ಳುವ ಮಗನ ಮನಸ್ಸಿನಲ್ಲಿ ಓಡುವ ಮಾತನ್ನು ಬರೆದರೆ ಸಾಕು: ‘ಅಮ್ಮ ಹೇಗೂ ಇರ್ತಾಳಲ್ಲ ಅಂದುಕೊಂಡೆ.’

ಪತ್ರದ ಕೊನೆಯಲ್ಲಿ, ಎಂದಾದರೂ ನೀನು ಕ್ಷಮಿಸುವೆ ಎಂದುಕೊಂಡಿದ್ದೇನೆ ಎಂಬ ಸಾಲಿತ್ತು. ‘ಕ್ಷಮಿಸಿಬಿಡಮ್ಮ’ ಎಂದರೆ ಭಾವ ಚೆನ್ನಾಗಿ ಬರುತ್ತದೆ, ಆದರೆ ಅದು ಈಗಲೇ ಕ್ಷಮಿಸೆಂದು ಪಟ್ಟು ಹಿಡಿದಂತೆ. ಅವನು ತಾಯಿಗೆ ಕಾಲಾವಕಾಶ ಕೊಟ್ಟಿದ್ದ. ತಪ್ಪನ್ನು ‘ಹೊಟ್ಟೆಗೆ ಹಾಕಿಕೊ’ ಎಂಬ ಮಾತು ಕನ್ನಡದಲ್ಲಿದೆ. ತಾಯಿಗೆ ಹೇಳಲು ಇದಕ್ಕಿಂತ ಒಪ್ಪುವ ಮಾತನ್ನು ನಾನು ಕಂಡಿಲ್ಲ. ಅದನ್ನಿಟ್ಟು, ಕಾಲಾವಕಾಶವನ್ನೂ ಉಳಿಸಿದೆ.

‘ಐ ಲವ್ ಯು, ಮಾಮ್’ ಎಂಬುದಕ್ಕೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಬರೆದ ಪತ್ರವೊಂದನ್ನು ನೋಡಿದ್ದೆ. ನಮ್ಮ ಮನೆಗಳಲ್ಲಿ ಆ ವಾಕ್ಯವನ್ನು ಯಾರೂ ತಾಯಿಗೆ ಹೇಳುವುದಿಲ್ಲ. ಫೋನ್ ಇಡುವ ಮುನ್ನ ಅಮ್ಮನಿಗೆ ಏನು ಹೇಳುತ್ತೀಯ ಎಂದು ಹುಡುಗನನ್ನು ಕೇಳಿದೆ. ಈಗೀಗ ಕಣ್ಣಿಗೆ ಔಷಧಿ ಬಿಟ್ಟುಕೊಂಡೆಯಾ ಎಂದು ಕೇಳಬೇಕು ಅನ್ನಿಸುತ್ತದೆ, ಆದರೆ ಬಾಯಿ ಬರುವುದಿಲ್ಲ ಎಂದ. ಆ ಜಾಗಕ್ಕೆ ಅದೇ ಬಂತು.

ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಿಗುವ ಪತ್ರಲೇಖನದ ಪುಸ್ತಕಗಳನ್ನು ಈ ಕೆಲಸಕ್ಕೆ ತೆರೆಯಬೇಡಿ. ‘ಮಾತೃಶ್ರೀಯವರ ಪಾದಾರವಿಂದಗಳಲ್ಲಿ’ ಎಂದು ಆರಂಭಿಸಿದರೆ ಮುಂದಿನದ್ದೆಲ್ಲ ಪಾಠದಂತೆ ಕೇಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ತಾಯಿಯ ಮಹಿಮೆಯ ಸಾಲುಗಳೂ ಬೇಡ. ಕ್ಷಮೆ ಕೇಳುವಾಗ ಹೊಗಳಿಕೆ ಲಂಚದಂತೆ ಕಾಣುತ್ತದೆ. ಕಾಗುಣಿತದ ವಿಷಯದಲ್ಲಿ, ‘ಬರ್ಲಿಲ್ಲ’, ‘ಹೇಳ್ದೆ’ ಎಂದು ಎಲ್ಲವನ್ನೂ ಮೊಟಕುಗೊಳಿಸಿ ಬರೆದರೆ ಓದಲು ಕಷ್ಟ. ಪೂರ್ಣ ರೂಪವನ್ನೇ ಬರೆಯಿರಿ, ಓದುವವರ ನಾಲಗೆ ತಾನಾಗಿ ಮೊಟಕು ಮಾಡಿಕೊಳ್ಳುತ್ತದೆ. ‘ತಪ್ಪಾಯ್ತಮ್ಮ’ದಂಥ ಒಂದೆರಡು ಮಾತನ್ನು ಮಾತ್ರ ಆಡಿದ ಹಾಗೆಯೇ ಬಿಡಿ.

ಕೊನೆಗೆ ಸಿದ್ಧವಾದ ಕರಡು ಹೀಗಿತ್ತು:

‘ಅಮ್ಮಾ, ತಪ್ಪಾಯ್ತಮ್ಮ. ಬರುತ್ತೇನೆ ಅಂತ ಹೇಳಿ ನಾನು ಬರಲಿಲ್ಲ. ಬರಬಹುದಿತ್ತು. ನೀನು ಫೋನ್ ಮಾಡಿದಾಗ ಎಷ್ಟು ದುಡ್ಡು ಬೇಕು ಹೇಳು, ತಲೆ ತಿನ್ನಬೇಡ ಅಂದುಬಿಟ್ಟೆ. ನೀನು ಕೇಳಿದ್ದು ದುಡ್ಡಲ್ಲ ಅಂತ ಆಗಲೇ ಗೊತ್ತಿತ್ತು. ಹುಳು ಹಣ್ಣಾಗಿರುವಾಗ ಅಷ್ಟನ್ನೂ ಒಬ್ಬಳೇ ಚಂದ್ರಂಕಿಗೆ ಬಿಟ್ಟು, ಪಕ್ಕದ ಮನೆಯವರ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಅಮ್ಮ ಹೇಗೂ ಇರ್ತಾಳಲ್ಲ ಅಂದುಕೊಂಡೆ. ಅದನ್ನು ನೆನೆದು ಬಹಳ ನೊಂದಿದ್ದೇನೆ. ಈಗಲೇ ಆಗದಿದ್ದರೂ ಪರವಾಗಿಲ್ಲ, ನಿನ್ನ ಮನಸ್ಸು ತಿಳಿಯಾದಾಗ ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊ. ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಿದ್ದೀಯಾ?’

ಕೊನೆಯ ಹಂತವನ್ನು ಬಿಡಬೇಡಿ. ಕರಡನ್ನು ಬರೆದವನಿಂದಲೇ ಗಟ್ಟಿಯಾಗಿ ಓದಿಸಿ ಕೇಳಿಸಿಕೊಳ್ಳಬೇಕು. ನಾಲಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಅನುವಾದಕನ ಮಾತು ಉಳಿದುಕೊಂಡಿದೆ ಎಂದು ತಿಳಿಯಿರಿ. ಈ ಹುಡುಗನಿಗೆ ಕನ್ನಡ ಓದುವುದು ನಿಧಾನ, ಆದರೂ ಏಳು ವಾಕ್ಯಗಳನ್ನು ಸರಾಗವಾಗಿ ಓದಿ ‘ನೊಂದಿದ್ದೇನೆ’ ಎಂಬಲ್ಲಿ ನಿಂತ. ಇದನ್ನು ನಾನು ಯಾವತ್ತೂ ಹೇಳುವುದಿಲ್ಲ ಎಂದ. ಹಾಗಾದರೆ ಏನು ಹೇಳುತ್ತೀಯ ಎಂದೆ. ‘ಅದನ್ನು ನೆನೆಸಿಕೊಂಡರೆ ಊಟ ಸೇರುತ್ತಿಲ್ಲ’ ಎಂದ. ನನ್ನ ವಾಕ್ಯವನ್ನು ಹೊಡೆದುಹಾಕಿ ಅದನ್ನೇ ಬರೆದೆ. ತಾಯಿಯ ಕಣ್ಣಿಗೆ ಇನ್ನೂ ಓದುವಷ್ಟು ಆರಾಮವಾಗಿರಲಿಲ್ಲ, ಪಕ್ಕದ ಮನೆಯವರಿಂದ ಓದಿಸಿಕೊಳ್ಳುವ ಪತ್ರವೂ ಅದಾಗಿರಲಿಲ್ಲ. ಆದ್ದರಿಂದ ಕಳಿಸುವುದು ಬೇಡ, ಭಾನುವಾರ ಅವರು ಹುಳುವಿಗೆ ಸೊಪ್ಪು ಹಾಕಿ ಕುಳಿತ ಮೇಲೆ ನೀನೇ ಫೋನ್ ಮಾಡಿ ಓದು ಎಂದು ಹೇಳಿ, ಅಕ್ಷರ ದಪ್ಪಗೆ ಬರೆದ ಆ ಹಾಳೆಯ ಫೋಟೊವನ್ನು ಅವನಿಗೆ ಕಳಿಸಿದೆ.