ಫೋಟೋದ ಹಳದಿ, ರಕ್ತದ ಹಳದಿ

ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಮನೆಗೆ ಹೋದ ಮೇಲೆ ಮಗುವಿನ ಫೋಟೋ ಕಳಿಸಿ "ಹಳದಿ ಜಾಸ್ತಿ ಆಗಿದೆಯಾ ಸಿಸ್ಟರ್?" ಅಂತ ಕೇಳುವವರು ತುಂಬಾ ಜನ. ಫೋಟೋ ನೋಡಿ ನಾನು ಹೌದು, ಇಲ್ಲ ಅನ್ನುವುದಿಲ್ಲ.

ಒಂದು ಮಗುವಿನ ವಿಷಯ ಹೇಳುತ್ತೇನೆ. ದಿನ ತುಂಬಿ ಹುಟ್ಟಿದ ಮಗು, ಮೂರನೇ ದಿನ. ಅಪ್ಪ ಒಂದೇ ಹೊತ್ತಿನಲ್ಲಿ ತೆಗೆದ ಎರಡು ಫೋಟೋ ಕಳಿಸಿದ್ದರು. ಕಿಟಕಿ ಪಕ್ಕದ ಫೋಟೋದಲ್ಲಿ ಮಗು ಸಾಧಾರಣವಾಗಿತ್ತು, ಬಲ್ಬಿನ ಕೆಳಗಿನದರಲ್ಲಿ ಅರಿಶಿನ ಬಳಿದ ಹಾಗೆ! ಎರಡರಲ್ಲೂ ಬಿಳಿ ಬಟ್ಟೆ ಇತ್ತು. ಬಣ್ಣದ ಅಂಕಿ ತೋರಿಸುವ ಆ್ಯಪ್‌ನಲ್ಲಿ ಹಣೆಯನ್ನೂ ಬಟ್ಟೆಯನ್ನೂ ಮುಟ್ಟಿ ನೋಡಿದೆ. ನೀಲಿ ಅಂಕಿ ಇಳಿದಷ್ಟೂ ಹಳದಿ ಏರುತ್ತದೆ. ಹಣೆಯಲ್ಲಿ ನೀಲಿ ಮೊದಲನೆಯದರಲ್ಲಿ 120, ಎರಡನೆಯದರಲ್ಲಿ 92. ಆದರೆ ಬಟ್ಟೆಯಲ್ಲೂ 236 ಇದ್ದದ್ದು 190ಕ್ಕೆ ಇಳಿದಿತ್ತು, ಅಂದ್ರೆ ಬಟ್ಟೆಗೂ ಕಾಮಾಲೆ! ಬಟ್ಟೆಯ ನೀಲಿ ಎರಡರಲ್ಲೂ 240 ಆಗುವಂತೆ ಅದೇ ಅನುಪಾತದಲ್ಲಿ ಸರಿಹೊಂದಿಸಿದರೆ ಹಣೆ 122 ಮತ್ತು 116. ವ್ಯತ್ಯಾಸದ ಬಹುಪಾಲು ಬಲ್ಬಿನದೇ.

ಹಾಗಾದರೆ ಬಿಳಿ ಬಟ್ಟೆ ಇಟ್ಟರೆ ಸಾಕಲ್ವಾ? ಸಾಲದು. ಅದು ಸರಿಮಾಡುವುದು ಬೆಳಕನ್ನು ಮಾತ್ರ. ಮಗುವಿನ ಮೈಬಣ್ಣ, ಹೊಸ ಚರ್ಮದ ಕೆಂಪು ಎಲ್ಲ ಆ 122ರಲ್ಲೇ ಸೇರಿಕೊಂಡಿದೆ. ಮೇಲಿಂದ ಎಷ್ಟೋ ಫೋನುಗಳು ತಾವೇ ಮುಖವನ್ನು ಗುರುತಿಸಿ ಚರ್ಮವನ್ನು ಚೆಂದ ಮಾಡಿಬಿಡುತ್ತವೆ, ಅದನ್ನು ಹಿಂದಕ್ಕೆ ತಿರುಗಿಸುವ ದಾರಿ ಇಲ್ಲ. ಎದುರಿಗೇ ಮಲಗಿಸಿಕೊಂಡು, ಬೆರಳಿನಿಂದ ಒತ್ತಿ ಕೆಂಪು ಸರಿಸಿ ನೋಡಿದರೂ ಅನುಭವಿಗಳ ಅಂದಾಜು ತಪ್ಪುತ್ತದೆ. ಕಪ್ಪು ಮೈಬಣ್ಣದ ಮಕ್ಕಳಲ್ಲಂತೂ ಹಳದಿ ಸುಲಭವಾಗಿ ಕಣ್ಣಿಗೆ ಬೀಳುವುದೇ ಇಲ್ಲ.

ನಾನು ಹೆದರುವುದು ಹಳದಿ ಕಾಣುವ ಫೋಟೋಕ್ಕಲ್ಲ, ಅಂಥದ್ದಾದರೆ ಅಪ್ಪ ಅಮ್ಮ ಗಾಬರಿಯಾಗಿ ಮಗುವನ್ನು ತಂದೇ ತರುತ್ತಾರೆ. ಚೆನ್ನಾಗಿ ಕಾಣುವ ಫೋಟೋಕ್ಕೆ ಹೆದರುತ್ತೇನೆ.

ಆ ಮಗುವನ್ನು ಅವತ್ತೇ ಕರೆಸಿ ಹಿಮ್ಮಡಿಯಿಂದ ರಕ್ತ ತೆಗೆದೆವು. ಮೈ ಹಳದಿ ಮಾಡುವ ಬಿಲಿರುಬಿನ್ ಡೆಸಿಲೀಟರಿಗೆ 14 ಮಿಲಿಗ್ರಾಂ, ಮಗುವಿಗೆ ಆಗ 62 ಗಂಟೆ. ಬೇರೆ ತೊಂದರೆ ಇರದ ಕಾರಣ ಡಾಕ್ಟರು ಹಳದಿ ಇಳಿಸುವ ಲೈಟ್ ಹಾಕಿಸಲಿಲ್ಲ, ಮಾರನೇ ದಿನ ಮತ್ತೆ ಪರೀಕ್ಷೆಗೆ ಬರಹೇಳಿದರು. ಇದೇ 14 ಹುಟ್ಟಿದ 24ನೇ ಗಂಟೆಗೆ ಬಂದಿದ್ದರೆ ಲೈಟ್ ಕೆಳಗೆ ಮಲಗಿಸಲೇಬೇಕಿತ್ತು. ಗಂಟೆ, ದಿನ ತುಂಬಿದೆಯೋ ಇಲ್ಲವೋ, ತಾಯಿ ಮಗುವಿನ ರಕ್ತದ ಗುಂಪು, ಇವೆಲ್ಲ ಫೋಟೋದಲ್ಲಿ ಎಲ್ಲಿ ಕಾಣುತ್ತವೆ ಹೇಳಿ?

ಲೈಟ್ ಹಾಕಿಸಿಕೊಂಡ ಮಗುವಿನ ಫೋಟೋವಂತೂ ಕಳಿಸಲೇಬೇಡಿ. ಬೆಳಕು ಬಿದ್ದ ಚರ್ಮ ಬೇಗ ತಿಳಿಯಾಗುತ್ತದೆ, ರಕ್ತದಲ್ಲಿ ಇನ್ನೂ ಜಾಸ್ತಿಯೇ ಇರಬಹುದು.

ಈಗ ಫೋಟೋ ಬಂದರೆ ನಾನು ತಿರುಗಿ ಕೇಳುವುದು ಇಷ್ಟು: ಹುಟ್ಟಿ ಎಷ್ಟು ಗಂಟೆ ಆಯ್ತು, ಹಾಲು ಕುಡಿಯುತ್ತಿದೆಯಾ, ಎಬ್ಬಿಸಿದರೆ ಏಳುತ್ತದಾ? ಮೊದಲ 24 ಗಂಟೆಯೊಳಗೆ ಹಳದಿ ಕಂಡಿದ್ದರೆ, ಮಗು ಹಾಲು ಬಿಟ್ಟು ಮಂಕಾಗಿದ್ದರೆ, ಕೀರಲು ದನಿಯಲ್ಲಿ ಅಳುತ್ತಾ ಮೈ ಹಿಂದಕ್ಕೆ ಬಾಗಿಸುತ್ತಿದ್ದರೆ, ಇನ್ನೊಂದು ಫೋಟೋ ತೆಗೆಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.