ಲೆವೆಲ್ 3ರ ಕೂದಲಿಗೆ ಹೈ-ಲಿಫ್ಟ್: ನನ್ನ ಅನುಭವ

"ನಮ್ಮ ಕಡೆಯ ಕಪ್ಪು ಕೂದಲಿಗೆ ಹೈ-ಲಿಫ್ಟ್ ಹಾಕೋದು ದುಡ್ಡು ದಂಡ, ಸುಮ್ನೆ ಬ್ಲೀಚ್ ಹಾಕು" ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಹೈ-ಲಿಫ್ಟ್ ಅಂದರೆ ಬ್ಲೀಚ್ ಇಲ್ಲದೆ ಕೂದಲನ್ನು ತಿಳಿ ಮಾಡಿ, ಜೊತೆಗೇ ಬಣ್ಣವನ್ನೂ ಕೂರಿಸುವ ಕಲರ್. ಅವರ ಮಾತಿಗೆ ಕಾರಣವೂ ಇದೆ. ಹೈ-ಲಿಫ್ಟ್‌ನ 11, 12ರ ಸೀರೀಸ್ ಟ್ಯೂಬ್‌ಗಳು ಲೆವೆಲ್ 6 ಅಥವಾ ಅದಕ್ಕಿಂತ ತಿಳಿ ಕೂದಲಿಗೆ ಅಂತಲೇ ಮಾಡಿದ್ದು. ಲೆವೆಲ್ ಸಂಖ್ಯೆ ಕಡಿಮೆಯಾದಷ್ಟು ಕೂದಲು ಕಪ್ಪು, ನಮ್ಮಲ್ಲಿ ಬರುವವರು 2 ಅಥವಾ 3. ಆದರೆ ಗಿರಾಕಿ ಕೇಳುವುದು ಬ್ಲಾಂಡ್ ಅಲ್ಲ, ಬಿಸಿಲಲ್ಲಿ ಕಾಣುವ ಬ್ರೌನ್. ಅಷ್ಟಕ್ಕೆ ಹೈ-ಲಿಫ್ಟ್ ಸಾಕು ಅನ್ನುವುದು ನನ್ನ ವಾದವಾಗಿತ್ತು. ಈಗ ನನ್ನ ಪಾರ್ಲರ್‌ನಲ್ಲಿ ಈ ಕೆಲಸ ಮಾಡಿಸಿಕೊಂಡವರು ಮತ್ತೆ ಬರುತ್ತಿದ್ದಾರೆ, ಜೊತೆಗೆ ಇನ್ನೊಬ್ಬರನ್ನು ಕರೆತರುತ್ತಿದ್ದಾರೆ.

ಮೊದಲು ತಲೆಯ ಮೇಲೆ ಮಾಡಲಿಲ್ಲ. ಬಣ್ಣ ಕಾಣದ ಕೂದಲು ಕತ್ತರಿಸಿದಾಗಲೆಲ್ಲ ಕಟ್ಟು ಮಾಡಿ ಇಟ್ಟುಕೊಂಡೆ. ಮಾಮೂಲಿ ಕಲರ್ ಥರ ಟ್ಯೂಬ್, ಡೆವಲಪರ್ 1:1 ಕಲಸಿದಾಗ ಕೂದಲು ಬರೀ ಕೆಂಪಾಗಿ ನಿಂತಿತು. 1:2, 40 ವಾಲ್ಯೂಮ್‌ನಲ್ಲಿ ಅಂದರೆ 12 ಪರ್ಸೆಂಟ್ ಪೆರಾಕ್ಸೈಡ್ ಇರುವ ಡೆವಲಪರ್‌ನಲ್ಲಿ, ಕೆಂಪು ದಾಟಿತು, ಆದರೆ ಎಲ್ಲೆಲ್ಲಿ ತೆಳುವಾಗಿ ಹಚ್ಚಿದ್ದೆನೋ ಅಲ್ಲೆಲ್ಲ ಒಣಗಿ ಅರ್ಧಕ್ಕೇ ನಿಂತಿತು. ಹೈ-ಲಿಫ್ಟ್ ಅನ್ನು ಧಾರಾಳವಾಗಿ ಹಚ್ಚಬೇಕು, ಅರ್ಧ ಸೆಂಟಿಮೀಟರ್‌ಗಿಂತ ದಪ್ಪ ಸೆಕ್ಷನ್ ತೆಗೆಯಬಾರದು. ನನ್ನ ಮಟ್ಟಿಗೆ ಅರ್ಧ ಕೆಲಸ ಇದರಲ್ಲೇ ಇದೆ.

ಅದೇ ದಿನ ಎರಡನೇ ಸಲ ಹಚ್ಚಿಯೂ ನೋಡಿದೆ. ಹೆಚ್ಚೆಂದರೆ ಅರ್ಧ ಲೆವೆಲ್ ಸಿಕ್ಕಿತು, ಕೂದಲು ಮಾತ್ರ ಒರಟಾಯಿತು. ಟ್ಯೂಬ್ ಜೊತೆ ಚೂರು ಬ್ಲೀಚ್ ಪೌಡರ್ ಸೇರಿಸುವವರೂ ಇದ್ದಾರಲ್ವಾ, ಅದನ್ನೂ ಮಾಡಿದೆ. ಒಂದೇ ಕಟ್ಟಿನಲ್ಲಿ ಒಂದು ಎಳೆ ಹಳದಿ, ಪಕ್ಕದ ಎಳೆ ಇಟ್ಟಿಗೆ ಬಣ್ಣ. ಹೈ-ಲಿಫ್ಟ್‌ನಲ್ಲಿ ಅಮೋನಿಯಾ ಜಾಸ್ತಿ, ಪೆರಾಕ್ಸೈಡ್ 12 ಪರ್ಸೆಂಟ್, ಶಕ್ತಿ ಅಷ್ಟೇ. ಕಿತ್ತಳೆ ದಾಟಿಸುವುದು ಬ್ಲೀಚ್‌ನಲ್ಲಿರುವ ಪರ್‌ಸಲ್ಫೇಟ್. ಹಾಗಾಗಿ ಲೆವೆಲ್ 3ರಿಂದ ಹೊರಟರೆ 6 ಗಡಿ. ದಪ್ಪ, ಒರಟು ಕೂದಲಾದರೆ ಐದೂವರೆಗೇ ನಿಲ್ಲುತ್ತದೆ. ಲೆವೆಲ್ 2 ಆದರೆ ನಾನು 5 ಅಂತಲೇ ಹೇಳಿ ಕೂರಿಸುತ್ತೇನೆ.

ಒಂದು ಕೇಸ್ ಪೂರ್ತಿ ಹೇಳುತ್ತೇನೆ. ಮದುವೆ ಗೊತ್ತಾಗಿದ್ದ ಹುಡುಗಿ, ಭುಜದಿಂದ ಸ್ವಲ್ಪ ಕೆಳಗೆ ಬರುವ ಕೂದಲು, ಲೆವೆಲ್ 3. "ಅಕ್ಕ, ಬಿಸಿಲಲ್ಲಿ ಬ್ರೌನ್ ಕಾಣಬೇಕು, ಆಫೀಸಲ್ಲಿ ಯಾರೂ ಕೇಳಬಾರದು" ಅಂದಳು. ಯಾವ ಬಣ್ಣವನ್ನೂ ಹಚ್ಚಿಲ್ಲ ಅಂದಳು. ಮೆಹಂದಿ ಅಂತ ಬಿಡಿಸಿ ಕೇಳಿದಾಗ, ಎರಡೂವರೆ ವರ್ಷದ ಹಿಂದೆ ಅಕ್ಕನ ಮದುವೆಗೆ ಪ್ಯಾಕೆಟ್ ಮೆಹಂದಿ ಹಚ್ಚಿದ್ದು ನೆನಪಾಯಿತು. ನಮ್ಮವರಿಗೆ ಮೆಹಂದಿ ಬಣ್ಣದ ಲೆಕ್ಕಕ್ಕೇ ಬರಲ್ಲ. ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಬುಡದಿಂದ 37 ಸೆಂಟಿಮೀಟರ್ ಆಚೆಗೆ ಆ ಮೆಹಂದಿ ಇನ್ನೂ ಕೂತಿದೆ.

ತುದಿಯ ನಾಲ್ಕು ಎಳೆ ಕತ್ತರಿಸಿ, 20 ವಾಲ್ಯೂಮ್‌ನ ನೀರಾದ ಪೆರಾಕ್ಸೈಡ್ 30 ಎಂಎಲ್‌ಗೆ 20 ಹನಿ ಅಮೋನಿಯಾ ಹಾಕಿ ಅರ್ಧ ಗಂಟೆ ನೆನೆಸಿದೆ. ಬಟ್ಟಲು ಬಿಸಿಯಾದರೆ, ನೊರೆ ಬಂದರೆ, ಕೆಟ್ಟ ವಾಸನೆ ಎದ್ದರೆ ಆ ಪುಡಿಯಲ್ಲಿ ಲೋಹದ ಉಪ್ಪು ಇತ್ತು ಅಂತ ಅರ್ಥ. ಆಗ ಹೈ-ಲಿಫ್ಟೂ ಬೇಡ, ಬ್ಲೀಚೂ ಬೇಡ. ಇಲ್ಲಿ ಏನೂ ಆಗಲಿಲ್ಲ. ಆಮೇಲೆ ಕತ್ತಿನ ಹಿಂದಿನ ಒಂದು ಎಳೆಗೆ ಬುಡದಿಂದ ತುದಿತನಕ ಹೈ-ಲಿಫ್ಟ್ ಹಚ್ಚಿ ನೋಡಿದೆ. ಮಧ್ಯಭಾಗ ಏರಿತು, ಕೊನೆಯ ಎರಡು ಇಂಚು ಕಡುಕೆಂಪಾಗಿಯೇ ಉಳಿಯಿತು. ಕಲರ್ ಕೂತಿರುವ ಕೂದಲನ್ನು ಇನ್ನೊಂದು ಕಲರ್ ತಿಳಿ ಮಾಡಲ್ಲ, ಹೈ-ಲಿಫ್ಟ್ ಆದರೂ ಅಷ್ಟೇ. ಆ ಎರಡು ಇಂಚು ಟ್ರಿಮ್ ಮಾಡೋಣ ಅಂದೆ, ಒಪ್ಪಿದಳು. ಒಪ್ಪದಿದ್ದರೆ ತುದಿಗೆ ಬ್ಲೀಚೇ ಗತಿಯಾಗುತ್ತಿತ್ತು. ಪ್ಯಾಚ್ ಟೆಸ್ಟ್ ಅದೇ ದಿನ ಹಾಕಿ, 48 ಗಂಟೆ ಬಿಟ್ಟು ಕರೆದೆ.

ಕೆಲಸದ ದಿನ ತಣ್ಣನೆಯ ಛಾಯೆಯ ಹೈ-ಲಿಫ್ಟ್ ಆ್ಯಶ್, 1:2, 40 ವಾಲ್ಯೂಮ್. ಬುಡದ ಎರಡು ಸೆಂಟಿಮೀಟರ್ ಬಿಟ್ಟು ಮಧ್ಯ ಮತ್ತು ತುದಿಗೆ ಮೊದಲು ಹಚ್ಚಿದೆ. ಇಪ್ಪತ್ತೈದು ನಿಮಿಷದ ಮೇಲೆ ಬುಡಕ್ಕೆ, ಅಲ್ಲಿ ನಾನು 30 ವಾಲ್ಯೂಮ್‌ಗೆ ಇಳಿಯುತ್ತೇನೆ. ತಲೆಯ ಶಾಖಕ್ಕೆ ಬುಡ ಬೇಗ ಏರುತ್ತದೆ, ಚರ್ಮದ ಉರಿಯೂ ಕಡಿಮೆ. ಹೀಟ್ ಕೊಡಲಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಒದ್ದೆ ಹತ್ತಿಯಲ್ಲಿ ಒರೆಸಿ, ಬಿಳಿ ಟವೆಲ್ ಮೇಲೆ ಹರಡಿ ನೋಡುತ್ತಿದ್ದೆ. ಮೊದಲು ಕೆಂಗಂದು, ಆಮೇಲೆ ಇಟ್ಟಿಗೆ ಬಣ್ಣ, ಐವತ್ತು ನಿಮಿಷದ ಹೊತ್ತಿಗೆ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಬಣ್ಣ. ಇನ್ನೂ ಕಾದರೆ ಇನ್ನೂ ಏರುತ್ತದೆ ಅನ್ನುವುದು ಸುಳ್ಳು. ಟ್ಯೂಬ್ ಮೇಲೆ ಬರೆದ ಸಮಯ ಮುಗಿದ ಮೇಲೆ ಬಣ್ಣ ಕದಲಲ್ಲ. ಬುಡವೂ ಅದೇ ಬಣ್ಣಕ್ಕೆ ಬಂದ ಕೂಡಲೇ ತೊಳೆದೆ.

ಇಲ್ಲಿಗೆ ನಿಲ್ಲಿಸಿದವರೇ ಹೈ-ಲಿಫ್ಟ್‌ಗೆ ಬೈಯುವುದು. ಆ್ಯಶ್ ಟ್ಯೂಬ್‌ನಲ್ಲಿರುವ ನೀಲಿ ನಮ್ಮ ಕೂದಲಿನ ಕಿತ್ತಳೆಗೆ ಏನೇನೂ ಸಾಲದು. ಟವೆಲ್‌ನಲ್ಲಿ ಒತ್ತಿದ ಒದ್ದೆ ಕೂದಲಿಗೆ ನೀಲಿ ಬೇಸ್‌ನ ಆ್ಯಶ್ ಡೆಮಿ, ಅಂದರೆ ಕೆಲವು ವಾರ ಮಾತ್ರ ನಿಲ್ಲುವ ಕಲರ್, ಹಾಕುತ್ತೇನೆ, ಕಡಿಮೆ ವಾಲ್ಯೂಮ್‌ನಲ್ಲಿ, ಸುಮಾರು ಹದಿನೈದು ನಿಮಿಷ. ನೇರಳೆ ಟೋನರ್ ಹಳದಿಗೆ, ಕಿತ್ತಳೆಗೆ ಅಲ್ಲ. ಡೆಮಿ ಚೂರು ಕಪ್ಪಾಗಿ ಕೂರುತ್ತದೆ, ಅದಕ್ಕೆ 6 ಬೇಕಾದಲ್ಲಿ 7 ತೆಗೆದುಕೊಳ್ಳಿ. ಅದರ ಜೊತೆ ನಾನು ಇನ್ನೊಂದು ಶೇಡ್ ಚೂರೇ ಚೂರು ಸೇರಿಸುತ್ತೇನೆ. ಅದು ಯಾವುದು ಅಂತ ಇಲ್ಲಿ ಹೇಳಲ್ಲ, ನನ್ನ ಹೊಟ್ಟೆಪಾಡು. ಆ ಹುಡುಗಿಯ ಕೂದಲು ಒಣಗಿಸಿದಾಗ ಒಳಗೆ ಸಾದಾ ಬ್ರೌನ್, ಬಾಗಿಲಾಚೆ ಬಿಸಿಲಿಗೆ ನಿಲ್ಲಿಸಿದರೆ ತಣ್ಣನೆಯ ತಿಳಿ ಬ್ರೌನ್. ಕೆಂಪು ಒಂದು ಚೂರೂ ಇರಲಿಲ್ಲ.

ದುಡ್ಡಿನ ವಿಷಯ. ಆ ಕೂದಲಿಗೆ ಎರಡು ಟ್ಯೂಬ್ ಹೋಯಿತು. ಡೆವಲಪರ್, ಡೆಮಿ ಎಲ್ಲ ಸೇರಿ ನನಗೆ ಸಾವಿರದ ಎಂಟುನೂರರ ಆಸುಪಾಸು ಬಿತ್ತು. ಬ್ಲೀಚ್‌ನಲ್ಲಿ ಪುಡಿ ಅಗ್ಗ, ಇನ್ನೂರು ಮುನ್ನೂರರಲ್ಲಿ ಮುಗಿಯುತ್ತದೆ. ಆದರೆ ಫಾಯಿಲ್, ಬಾಂಡ್ ಪ್ರಾಡಕ್ಟ್, ಟೋನರ್ ಸೇರಿದರೆ ಸಾವಿರದ ಮೇಲೆ ಹೋಗುತ್ತದೆ, ಒಂದು ಕುರ್ಚಿ ಅರ್ಧ ದಿನ ಕಟ್ಟಿಹೋಗುತ್ತದೆ. ಹೈ-ಲಿಫ್ಟ್ ಮೂರು ಗಂಟೆಯೊಳಗೆ ಮುಗಿಯುತ್ತದೆ. ನನ್ನದು ಎರಡೇ ಕುರ್ಚಿ, ಹಾಗಾಗಿ ನನಗೆ ಇದೇ ಲಾಭ.

ಹಾಗಂತ ಬ್ಲೀಚ್ ಬಿಟ್ಟಿಲ್ಲ. 7ರ ಕ್ಯಾರಮೆಲ್ ಬೇಕು ಅಂದರೆ, ಹಳೆಯ ಕಪ್ಪು ಡೈ ತೆಗೆಯಬೇಕು ಅಂದರೆ ಪುಡಿಯೇ ಬೇಕು. ಅದಕ್ಕೆ 20 ವಾಲ್ಯೂಮ್ ಮೇಲೆ ನಾನು ಹೋಗಲ್ಲ. 40ರಲ್ಲಿ ಬೇಗ ಹಳದಿ ಕಾಣುತ್ತದೆ, ಆದರೆ ಒದ್ದೆ ಎಳೆ ಎಳೆದರೆ ರಬ್ಬರ್ ಥರ ಉದ್ದವಾಗಿ ವಾಪಸ್ ಬರಲ್ಲ. ಅದು ಕಂಡರೆ ಆ ಕ್ಷಣವೇ ತೊಳೆಯಬೇಕು. ನನಗೆ ಈಗ ಜಾಸ್ತಿ ಹಿಡಿಸಿರುವುದು ಎರಡನ್ನೂ ಬೇರೆಬೇರೆ ಎಳೆಗೆ ಹಾಕುವುದು. ಮುಖದ ಸುತ್ತ ಏಳೆಂಟು ತೆಳು ಫಾಯಿಲ್‌ಗೆ ಬ್ಲೀಚ್, ಉಳಿದದ್ದಕ್ಕೆಲ್ಲ ಹೈ-ಲಿಫ್ಟ್. ದೂರದಿಂದ ನೋಡಿದವರಿಗೆ ಇಡೀ ತಲೆಯೇ 7 ಅನ್ನಿಸುತ್ತದೆ.

ಬಿಳಿಕೂದಲು ಜಾಸ್ತಿ ಇದ್ದವರಿಗೆ ಹೈ-ಲಿಫ್ಟ್ ಹಾಕಬೇಡಿ. ಅದು ಬಿಳಿಯನ್ನು ಮುಚ್ಚಲ್ಲ, ಸುತ್ತ ಕಿತ್ತಳೆ ಬಂದು ಬಿಳಿ ಇನ್ನೂ ಎದ್ದು ಕಾಣುತ್ತದೆ. ಇನ್ನು, ಬೋರ್‌ವೆಲ್ ನೀರಿನ ಮನೆಯವರಿಗೆ ಡೆಮಿ ಒಂದು ತಿಂಗಳಲ್ಲೇ ಇಳಿಯುತ್ತದೆ, ಬೇರೆಯವರಿಗೆ ಆರೇಳು ವಾರ ಬರುತ್ತದೆ. ಇದನ್ನು ಮೊದಲೇ ಹೇಳಿ, ಎರಡನೇ ಡೆಮಿಯ ದುಡ್ಡನ್ನೂ ಸೇರಿಸಿಯೇ ರೇಟ್ ಹೇಳುತ್ತೇನೆ. ಬುಡ ಬೆಳೆದು ಬಂದಾಗ ಹೈ-ಲಿಫ್ಟ್ ಆ ಹೊಸ ಕೂದಲಿಗೆ ಮಾತ್ರ. ಆಗಲೇ ಏರಿರುವ ಉದ್ದಕ್ಕೆ ಅದನ್ನು ಎಳೆಯಬೇಡಿ, ಅಲ್ಲಿಗೆ ಡೆಮಿ ಸಾಕು.